ಮೆಡುಸಾ ಅಂದರೆ ಇಲ್ಲಿ ಹಡಗು: ಫ್ರೆಂಚ್ ಗೋಡೆ ಫಲಕವನ್ನು ಇಂಗ್ಲಿಷಿಗೆ ತರುವ ಬಗೆ

ಮ್ಯೂಸಿಯಂನಲ್ಲಿ ಚಿತ್ರದ ಪಕ್ಕ ಅಂಟಿಸಿರುವ ಫಲಕಕ್ಕೆ ಫ್ರೆಂಚರು ಕಾರ್ತೆಲ್ ಅನ್ನುತ್ತಾರೆ. ಹೆಸರು, ಇಸವಿ, ಮಾಧ್ಯಮದ ಕೆಳಗೆ ಒಂದು ವಿವರಣೆಯ ಪ್ಯಾರಾ ಇದ್ದರೆ ಅದು ಕಾರ್ತೆಲ್ ದೆವಲೊಪ್ಪೆ. ಅನುವಾದಕ್ಕೆ ಬೆವರಿಳಿಸುವುದು ಈ ಪ್ಯಾರಾನೇ. ನಾನು ಅದನ್ನು ಹೇಗೆ ಮಾಡುತ್ತೇನೆ ಅನ್ನುವುದಕ್ಕೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಥಿಯೊಡೋರ್ ಜೆರಿಕೊನ ‘ಮೆಡುಸಾದ ತೆಪ್ಪ’ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 1816ರಲ್ಲಿ ನೆಲಕಚ್ಚಿದ ಮೆಡುಸಾ ಎಂಬ ಫ್ರೆಂಚ್ ನೌಕೆಯಿಂದ ತೆಪ್ಪ ಹತ್ತಿದವರ ಚಿತ್ರ ಅದು. ಕೆಳಗಿನ ಫ್ರೆಂಚ್ ಒಕ್ಕಣೆ ಲೂವ್ರ್‌ನದ್ದಲ್ಲ. ಇಂಥ ಫಲಕಗಳ ಧಾಟಿ ತೋರಿಸಲು ನಾನೇ ಕಟ್ಟಿಕೊಂಡ ಮಾದರಿ ಅದು.

ಮಾದರಿಯ ಮೊದಲ ವಾಕ್ಯದ ಅರ್ಥ, ಫ್ರೆಂಚಿನ ಕ್ರಮದಲ್ಲೇ, ಹೀಗಿದೆ: ‘1819ರ ಸಲೋನ್‌ನಲ್ಲಿ ಪ್ರದರ್ಶಿತವಾದ, ರೆಸ್ತೊರಾಸಿಯೋಂನ ಅಸಾಮರ್ಥ್ಯವನ್ನು ಬಯಲು ಮಾಡಿದ ದುರಂತದಿಂದ ಪ್ರೇರಿತವಾದ ಈ ಬೃಹತ್ ಕೃತಿಯಲ್ಲಿ, ರುಆಂ ಊರಿನ ಯುವ ಚಿತ್ರಕಾರನು, ಬದುಕುಳಿದ ಹದಿನೈದರಷ್ಟು ಜನ ಆರ್ಗಸ್ ಹಡಗನ್ನು ಕಾಣುವ ಕ್ಷಣವನ್ನು ಆಯ್ದುಕೊಳ್ಳುತ್ತಾನೆ.’ ಫ್ರೆಂಚ್ ಓದುಗನಿಗೆ ಇದು ತೊಡಕಲ್ಲ. ಕನ್ನಡಿಗರಾದ ನಮಗೂ ಅಷ್ಟೊಂದು ತೊಡಕು ಅನ್ನಿಸುವುದಿಲ್ಲ, ಕ್ರಿಯಾಪದ ಕೊನೆಗೆ ಬರುವವರೆಗೆ ಕಾಯುವುದು ನಮಗೆ ರೂಢಿ. ಅಪಾಯ ಇರುವುದು ಅಲ್ಲೇ. ವಿಶೇಷಣಗಳ ಈ ಸಾಲನ್ನು ಹಾಗೇ ಇಂಗ್ಲಿಷಿಗೆ ಇಳಿಸಿದರೆ ವ್ಯಾಕರಣ ಸರಿಯಿರುತ್ತದೆ, ನಿಂತು ಓದುವವನಿಗೆ ಮಾತ್ರ ಯಾರು ಏನು ಮಾಡಿದರು ಅನ್ನುವುದು ಕೊನೆಯ ಸಾಲಿನವರೆಗೂ ಸಿಗುವುದಿಲ್ಲ.

ಹಾಗಾಗಿ ಮೊದಲು ಫ್ರೆಂಚ್ ಹಾಳೆಯನ್ನು ಬದಿಗಿಟ್ಟು ಚಿತ್ರ ನೋಡುತ್ತೇನೆ. ಕ್ಯಾನ್ವಾಸು 491 ಸೆಂಟಿಮೀಟರ್ ಎತ್ತರ, 716 ಸೆಂಟಿಮೀಟರ್ ಅಗಲ. ಕಣ್ಣು ಮೊದಲು ಹೋಗುವುದು ಮೇಲ್ತುದಿಯಲ್ಲಿ ಬಟ್ಟೆ ಬೀಸುತ್ತಿರುವ ಕಪ್ಪು ಮನುಷ್ಯನ ಕಡೆಗೆ. ಅವನು ಬೀಸುತ್ತಿರುವುದು ಯಾರಿಗೆ? ದಿಗಂತದಲ್ಲಿ ಚುಕ್ಕೆಯಷ್ಟೇ ಕಾಣುವ ಆರ್ಗಸ್ ಹಡಗಿಗೆ. ಫಲಕ ಓದದೆ ಆ ಚುಕ್ಕೆ ಸಿಗುವುದು ಕಷ್ಟ. ಹಾಗಿದ್ದಮೇಲೆ ಇಂಗ್ಲಿಷಿನ ಮೊದಲ ವಾಕ್ಯ ಆ ಬಟ್ಟೆ ಮತ್ತು ಆ ಚುಕ್ಕೆಯದೇ ಆಗಬೇಕು. ಸಲೋನ್, ಇಸವಿ, ಊರು ಇವೆಲ್ಲ ಆಮೇಲೆ. ವಾಕ್ಯಗಳ ಕ್ರಮ ಬದಲಿಸುವ ಸ್ವಾತಂತ್ರ್ಯ ಅನುವಾದಕನಿಗೆ ಇದೆಯೇ ಎಂದು ಕ್ಯುರೇಟರನ್ನು ಕೆಲಸ ಶುರುವಾಗುವ ಮೊದಲೇ ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ, ಆ ಸ್ವಾತಂತ್ರ್ಯವಿಲ್ಲದೆ ಒಳ್ಳೆಯ ಫಲಕ ಆಗುವುದಿಲ್ಲ.

ಎರಡನೆಯ ಹಂತ, ಹೊರಗಿನವನಿಗೆ ಗೊತ್ತಿರದದ್ದನ್ನು ಗುರುತು ಹಾಕುವುದು. ಈ ಫಲಕದಲ್ಲಿ ಮೂರು ಗುರುತು ಬೀಳುತ್ತವೆ. ಒಂದು, ಹೆಸರೇ. ಮೆದ್ಯೂಜ್ ಒಂದು ಯುದ್ಧನೌಕೆ ಅನ್ನುವುದು ಫ್ರಾನ್ಸಿನಲ್ಲಿ ಶಾಲೆಯ ಪಾಠ. ಉಳಿದವರಿಗೆ ಮೆಡುಸಾ ಅಂದರೆ ತಲೆತುಂಬ ಹಾವುಗಳಿರುವ ಗ್ರೀಕ್ ರಾಕ್ಷಸಿ. ಅವರು ಚಿತ್ರದಲ್ಲಿ ಅವಳನ್ನು ಹುಡುಕುತ್ತಾರೆ. ‘ಎ ಫ್ರೆಂಚ್ ನೇವಿ ಶಿಪ್’ ಎಂಬ ನಾಲ್ಕು ಪದ ಸೇರಿಸಿದರೆ ಈ ಹುಡುಕಾಟ ತಪ್ಪುತ್ತದೆ. ಎರಡು, ಸಲೋನ್, ಅಂದರೆ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನ. ಇಂಗ್ಲಿಷಿನಲ್ಲಿ ಓದುವ ಬಹಳ ಜನಕ್ಕೆ ಅದು ಕೂದಲು ಕತ್ತರಿಸುವ ಜಾಗ. ‘ಪ್ಯಾರಿಸ್ಸಿನಲ್ಲಿ ತೋರಿಸಿದ’ ಅಂದರೆ ಇಲ್ಲಿಗೆ ಸಾಕು. ಮೂರನೆಯದು ಇವೆರಡಕ್ಕಿಂತ ಕೆಟ್ಟದ್ದು: ರೆಸ್ತೊರಾಸಿಯೋಂ. ನೆಪೋಲಿಯನ್ ಬಿದ್ದಮೇಲೆ ಬೂರ್ಬೋಂ ರಾಜರು ಮರಳಿ ಬಂದ ಕಾಲ ಅದು. ಅದನ್ನು ‘ದ ರೆಸ್ಟೊರೇಶನ್’ ಎಂದು ಬರೆದರೆ ಬ್ರಿಟಿಷ್ ಓದುಗನ ಮನಸ್ಸಿಗೆ 1660ರಲ್ಲಿ ಎರಡನೇ ಚಾರ್ಲ್ಸ್ ಮರಳಿ ಬಂದದ್ದು ಬರುತ್ತದೆ. ಉಳಿದವರು ಹಾಳಾದ ಚಿತ್ರವನ್ನು ದುರಸ್ತಿ ಮಾಡಿದರು ಎಂದುಕೊಳ್ಳುತ್ತಾರೆ. ಮ್ಯೂಸಿಯಂ ಗೋಡೆಯ ಮೇಲೆ ಆ ಅರ್ಥವೇ ಸಹಜ ಕೂಡ. ಅದಕ್ಕೇ ಆ ಪದವನ್ನು ಪೂರ್ತಿ ಬಿಟ್ಟು ‘ರಾಜನ ಸರ್ಕಾರ’ ಎನ್ನುತ್ತೇನೆ, ಆ ಸರ್ಕಾರ ಮಾಡಿದ ತಪ್ಪೇನು ಅನ್ನುವುದನ್ನೂ ಹೇಳುತ್ತೇನೆ: 20 ವರ್ಷಕ್ಕೂ ಹೆಚ್ಚು ಕಾಲ ಹಡಗು ನಡೆಸಿರದವನನ್ನು ಕಪ್ತಾನನನ್ನಾಗಿ ಮಾಡಿತು. ‘ಅಸಾಮರ್ಥ್ಯ’ ಎಂಬ ನಾಮಪದಕ್ಕಿಂತ ಈ ಸಂಗತಿ ಚೆನ್ನಾಗಿ ಮುಟ್ಟುತ್ತದೆ.

ಹೀಗೆ ಸೇರಿಸಿದ್ದಕ್ಕೆ ಜಾಗ ಎಲ್ಲಿಂದ? ‘ಬೃಹತ್ ಕೃತಿ’ ಹೋಗುತ್ತದೆ, ಏಳು ಮೀಟರ್ ಅಗಲದ ಚಿತ್ರದ ಮುಂದೆ ನಿಂತವನಿಗೆ ಅದನ್ನು ಹೇಳಬೇಕಿಲ್ಲ. ‘ರುಆಂನ ಯುವ ಚಿತ್ರಕಾರ’ ಹೋಗುತ್ತದೆ. ಫ್ರೆಂಚಿನಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ಬಳಸುವುದು ಒರಟು, ಅದಕ್ಕೆ ಸುತ್ತುಬಳಸಿನ ಹೆಸರುಗಳು. ಇಂಗ್ಲಿಷಿನಲ್ಲಿ ಅದೇ ತಂತ್ರ ಗೊಂದಲ ಮಾಡುತ್ತದೆ, ಜೆರಿಕೊ ಒಬ್ಬ, ಈ ಯುವಕ ಇನ್ನೊಬ್ಬನೇನೋ ಅನ್ನಿಸುತ್ತದೆ. ಹೆಸರನ್ನೇ ಮತ್ತೆ ಬರೆಯಿರಿ. ಹುಟ್ಟಿದ ಊರು ಹೇಗೂ ಮೇಲಿನ ಗುರುತಿನ ಸಾಲಿನಲ್ಲಿದೆ: ರುಆಂ 1791 – ಪ್ಯಾರಿಸ್ 1824.

ಕಾಲದ ವಿಷಯದಲ್ಲೂ ಎಚ್ಚರ ಬೇಕು. ಫ್ರೆಂಚರು ಇತಿಹಾಸವನ್ನು ವರ್ತಮಾನದಲ್ಲಿ ಹೇಳುತ್ತಾರೆ, ‘ಆಯ್ದುಕೊಳ್ಳುತ್ತಾನೆ’ ಎಂದು. ಕೆಲವೊಮ್ಮೆ ‘1824ರಲ್ಲಿ ಸಾಯುವನು’ ಎಂದು ಭವಿಷ್ಯತ್ತಿನಲ್ಲೂ ಬರುತ್ತದೆ. ನಾನು ಪಾಲಿಸುವ ನಿಯಮ ಸರಳ: ಚಿತ್ರದೊಳಗೆ ಕಾಣುವುದು ವರ್ತಮಾನ, ನಡೆದುಹೋದದ್ದು ಭೂತ. ಮನುಷ್ಯ ಬಟ್ಟೆ ಬೀಸುತ್ತಾನೆ, ಹಡಗು 1816ರ ಜುಲೈನಲ್ಲಿ ಮರಳುದಿಬ್ಬಕ್ಕೆ ಸಿಕ್ಕಿಬಿತ್ತು. ಎರಡೂ ಒಂದೇ ಕಾಲದಲ್ಲಿದ್ದರೆ ಯಾವುದು ಚಿತ್ರ, ಯಾವುದು ಚರಿತ್ರೆ ತಿಳಿಯುವುದಿಲ್ಲ.

ಸಂಖ್ಯೆಯ ಒಂದು ಬಲೆ ಇದೆ. ಫ್ರೆಂಚಿನ ‘ಕ್ಯಾಂಜೆನ್’ ಅಂದರೆ ಸುಮಾರು ಹದಿನೈದು. ಅದೇ ಪದ ದಿನಗಳ ಜೊತೆ ಬಂದರೆ ಎರಡು ವಾರ. ತೆಪ್ಪದ ಮೇಲೆ 13 ದಿನವಾದ ಮೇಲೆ ಸಿಕ್ಕಾಗ ಬದುಕಿದ್ದವರು ನಿಖರವಾಗಿ 15 ಜನ. ಹಾಗಿದ್ದರೆ ‘ಅಬೌಟ್’ ಬೇಡ. ಆದರೆ ಇಂಥದ್ದನ್ನು ಸ್ವಂತಕ್ಕೆ ತಿದ್ದಬಾರದು. ಪ್ರಶ್ನೆ ಬರೆದು ಕ್ಯುರೇಟರ್‌ಗೆ ಕಳಿಸುತ್ತೇನೆ, ಉತ್ತರ ಬಂದಮೇಲೆ ಬದಲಿಸುತ್ತೇನೆ. ಬಹಳ ಸಲ ಫ್ರೆಂಚ್ ಫಲಕವೂ ಅದರಿಂದ ತಿದ್ದುಪಡಿಯಾಗುತ್ತದೆ.

ಕೊನೆಗೆ ಉಳಿಯುವ ಇಂಗ್ಲಿಷಿನಲ್ಲಿ ಆರು ವಾಕ್ಯ, ಸುಮಾರು 90 ಪದ. ಮನುಷ್ಯನೊಬ್ಬ ದಿಗಂತದ ಚುಕ್ಕೆಯಂಥ ಹಡಗಿಗೆ ಬಟ್ಟೆ ಬೀಸುತ್ತಾನೆ. ಇವರೆಲ್ಲ ಪಶ್ಚಿಮ ಆಫ್ರಿಕಾದ ತೀರದಾಚೆ ನೆಲಕಚ್ಚಿದ ಫ್ರೆಂಚ್ ನೌಕೆ ಮೆಡುಸಾದವರು. ಜೀವರಕ್ಷಕ ದೋಣಿಗಳು ಸಾಲದೆ 150ರಷ್ಟು ಜನರನ್ನು ತೆಪ್ಪಕ್ಕೆ ಹತ್ತಿಸಲಾಯಿತು. ‘ಥರ್ಟೀನ್ ಡೇಸ್ ಲೇಟರ್, 15 ವರ್ ಅಲೈವ್.’ ಆಮೇಲೆ ಕಪ್ತಾನನ ಮಾತು. ಕೊನೆಯದು, 1819ರಲ್ಲಿ ಇದನ್ನು ಪ್ಯಾರಿಸ್ಸಿನಲ್ಲಿ ತೋರಿಸಿದಾಗ ಶೀರ್ಷಿಕೆಯಲ್ಲಿ ಹಡಗಿನ ಹೆಸರಿರಲಿಲ್ಲ, ಬರೀ ‘ನೌಕಾಘಾತದ ದೃಶ್ಯ’ ಎಂದಿತ್ತು. ಆರು ಪದದ ಆ ನಾಲ್ಕನೆಯ ವಾಕ್ಯಕ್ಕೆ ಒಂದು ವಿಶೇಷಣವನ್ನೂ ಸೇರಿಸುವುದಿಲ್ಲ. ‘ದಾರುಣ’, ‘ಭೀಕರ’ ಇವು ಅಲ್ಲಿ ಬಂದರೆ ಲೆಕ್ಕದ ಪೆಟ್ಟು ಸಡಿಲವಾಗುತ್ತದೆ.

ಗುರುತಿನ ಸಾಲುಗಳು ಸುಲಭ ಅನ್ನಿಸುತ್ತವೆ, ತಪ್ಪುಗಳು ಅಲ್ಲೇ ಜಾಸ್ತಿ. ‘ದಾಪ್ರೆ’ ಎಂದು ಒಬ್ಬ ಕಲಾವಿದನ ಹೆಸರಿನ ಮುಂದೆ ಇದ್ದರೆ ಇಂಗ್ಲಿಷಿನಲ್ಲಿ ‘ಆಫ್ಟರ್’, ಅಂದರೆ ಅವನ ಕೃತಿ ನೋಡಿ ಬೇರೆಯವರು ಮಾಡಿದ್ದು. ‘ಅಕಾರ್ಡಿಂಗ್ ಟು’ ಅಲ್ಲ. ‘ದೆಪೊ’ ಅಂದರೆ ಬೇರೆ ಸಂಸ್ಥೆಯಿಂದ ದೀರ್ಘಕಾಲಕ್ಕೆ ಬಂದ ಎರವಲು, ಠೇವಣಿ ಅಲ್ಲ. ‘ಲೆಗ್’ ಉಯಿಲಿನಿಂದ ಬಂದದ್ದು, ‘ದೋಂ’ ಕೊಡುಗೆ. ಅಳತೆಯಲ್ಲಿ 32,5 ಎಂದಿರುವ ಅಲ್ಪವಿರಾಮವನ್ನು 32.5 ಎಂದು ಚುಕ್ಕೆ ಮಾಡಬೇಕು.

ಒಕ್ಕಣೆ ಆದಮೇಲೆ ಅದನ್ನು ನಿಜವಾದ ಅಳತೆಯಲ್ಲಿ, ನಿಜವಾದ ಅಕ್ಷರಗಾತ್ರದಲ್ಲಿ ಅಚ್ಚು ಮಾಡಿ ಗೋಡೆಗೆ ಟೇಪು ಹಚ್ಚುತ್ತೇನೆ. ಫ್ರೆಂಚ್ ಬಾರದ, ಇಂಗ್ಲಿಷ್ ಮಾತೃಭಾಷೆಯೂ ಅಲ್ಲದ ಒಬ್ಬರಿಗೆ ಒಂದೂವರೆ ಮೀಟರ್ ದೂರದಿಂದ ಒಂದೇ ಸಲ ಓದಿಸುತ್ತೇನೆ, ಆಮೇಲೆ ಅವರ ಮಾತಲ್ಲಿ ಹೇಳಿಸುತ್ತೇನೆ. ಫಲಕದ ಇಂಗ್ಲಿಷ್ ಓದುವವರಲ್ಲಿ ಕೊರಿಯಾ, ಬ್ರೆಜಿಲ್, ಬೆಂಗಳೂರಿನವರೂ ಇರುತ್ತಾರಲ್ಲ. ಓದಿದವರು ಚಿತ್ರದ ಕಡೆ ತಿರುಗಿ ಆ ಚುಕ್ಕೆಯನ್ನು ಹುಡುಕಿದರೆ ಮೊದಲ ವಾಕ್ಯ ಕೆಲಸ ಮಾಡಿದೆ. ಮತ್ತೆ ಹಿಂದಿನ ಸಾಲಿಗೆ ಕಣ್ಣು ಹೊರಳಿಸಿದರೆ ಆ ಸಾಲನ್ನು ಒಡೆಯಬೇಕು. ‘ಯಾವ ರಾಜ?’ ಎಂದು ಕೇಳಿದರೆ ಹದಿನೆಂಟನೇ ಲೂಯಿಯ ಹೆಸರು ಹಾಕುತ್ತೇನೆ, ಬದಲಿಗೆ ಬೇರೆ ಎರಡು ಪದ ತೆಗೆಯುತ್ತೇನೆ.

ಅಚ್ಚಿಗೆ ಹೋಗುವ ಕೊನೆಯ ಪ್ರೂಫಿನಲ್ಲಿ ಫ್ರೆಂಚ್ ಹೆಸರುಗಳ ತಲೆಗೀಟುಗಳನ್ನು ಒಂದೊಂದಾಗಿ ನೋಡುತ್ತೇನೆ. ಫಾಂಟ್ ಬದಲಾದಾಗ ಜೆರಿಕೊನ ಹೆಸರಿನ ಮೊದಲ ಸ್ವರದ ಮೇಲಿನ ಗೀಟು ಬಿದ್ದುಹೋಗಿ ಅಲ್ಲೊಂದು ಖಾಲಿ ಚೌಕ ಉಳಿಯುವುದುಂಟು.