ಅರ್ಧ ಲೋಟದ ನೀರು ಏಕೆ ಬೀಳುವುದಿಲ್ಲ?

ಬೋರಲು ಹಾಕಿದ ಲೋಟದ ಪಾಠವನ್ನು ನಾನು ತುಂಬಿದ ಲೋಟದಿಂದ ಶುರು ಮಾಡಿದರೂ, ನಿಜವಾದ ಪಾಠ ಇರುವುದು ಅರ್ಧ ಲೋಟದಲ್ಲಿ.

10 ಸೆಂ.ಮೀ. ಎತ್ತರ, 7 ಸೆಂ.ಮೀ. ಬಾಯಿಯ ನೇರ ಗಾಜಿನ ಲೋಟ ಸಾಕು. ಮುಚ್ಚಲು ಮದುವೆ ಕರೆಯೋಲೆಯ ನುಣುಪಾದ ತುಂಡು. ಅಡಿಕೆ ಹಾಳೆಯ ತಟ್ಟೆಯನ್ನು ಕತ್ತರಿಸಿ ಇಡಬೇಡಿ, ಅದರ ಗೆರೆಗಳ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಲೋಟದ ತುಂಬ ನೀರು ಹಾಕಿ, ಕಾರ್ಡನ್ನು ಅಂಗೈಯಿಂದ ಒತ್ತಿ ಹಿಡಿದು, ಬಕೆಟ್ ಮೇಲೆ ಲೋಟ ಮಗುಚಿ, ಮೆಲ್ಲಗೆ ಕೈ ತೆಗೆಯಬೇಕು. ನೀರು ಬೀಳುವುದಿಲ್ಲ.

ಲೋಟದ ಬಾಯಿ ಸುಮಾರು 38 ಚದರ ಸೆಂ.ಮೀ. ಶಿವಮೊಗ್ಗದ ಎತ್ತರದಲ್ಲಿ ಗಾಳಿ ಪ್ರತಿ ಚದರ ಸೆಂ.ಮೀ.ಗೆ ಒಂದು ಕಿಲೋಗಿಂತ ತುಸು ಕಡಿಮೆ ಒತ್ತುತ್ತದೆ. ಅಂದರೆ ಕಾರ್ಡನ್ನು ಕೆಳಗಿನಿಂದ ಒತ್ತುವುದು ಸುಮಾರು 37 ಕಿಲೋ, ಒಳಗಿನ ನೀರು 400 ಗ್ರಾಂ ಕೂಡ ಇಲ್ಲ. ಇಷ್ಟನ್ನು ಮಕ್ಕಳು ಒಪ್ಪುತ್ತಾರೆ.

ಆಮೇಲೆ ಲೋಟಕ್ಕೆ ಅರ್ಧವೇ ನೀರು ಹಾಕಿ ಮಗುಚುತ್ತೇನೆ. ಆಗಲೂ ನಿಲ್ಲುತ್ತದೆ. “ಒಳಗಿರೋ ಗಾಳಿನೂ ಅಷ್ಟೇ ಜೋರಾಗಿ ಒತ್ತುತ್ತಲ್ವಾ ಸಾರ್?” ಎಂದು ಯಾರಾದರೂ ಕೇಳಲೇಬೇಕು. ಕೇಳದಿದ್ದರೆ ನಾನೇ ಕೇಳುತ್ತೇನೆ, ಏಕೆಂದರೆ 37 ಕಿಲೋ ಲೆಕ್ಕ ಇಲ್ಲಿ ಉತ್ತರವಾಗುವುದಿಲ್ಲ.

ಕೈ ತೆಗೆದಾಗ ನೀರೂ ಕಾರ್ಡೂ ಕೂದಲೆಳೆಯಷ್ಟು ಕೆಳಗಿಳಿಯುತ್ತವೆ, ಒಂದೆರಡು ಹನಿ ಬೀಳುವುದೂ ಉಂಟು. ಒಳಗಿನ ಗಾಳಿಗೆ ಅಷ್ಟು ಜಾಗ ಹೆಚ್ಚು ಸಿಕ್ಕಿ ಅದರ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯಬೇಕು? 5 ಸೆಂ.ಮೀ. ನೀರಿನ ಭಾರ ಹೊರಗಿನ ಒತ್ತಡದ ಶೇ. 0.5ರಷ್ಟು ಮಾತ್ರ. ಹಾಗಾಗಿ 5 ಸೆಂ.ಮೀ. ಗಾಳಿ ಕಾಲು ಮಿಲಿಮೀಟರ್ ಉದ್ದವಾದರೆ ಸಾಕು. ಅಂಚಿನಲ್ಲಿ ಉಂಟಾಗುವ ಆ ಸಂದನ್ನು ನೀರಿನ ತೆಳು ಪೊರೆ ಮುಚ್ಚಿಕೊಳ್ಳುತ್ತದೆ. ಇದು ಮೇಲ್ಮೈ ಕರ್ಷಣದ ಕೆಲಸ.

“ಒದ್ದೆ ಕಾರ್ಡು ಅಂಟಿಕೊಂಡಿದೆ ಅಷ್ಟೇ” ಎನ್ನುವವರಿಗೆ ಗಟ್ಟಿ ಪ್ಲಾಸ್ಟಿಕ್ ಲೋಟ ಬೇಕು. ತಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಬೆರಳಿನಿಂದ ಮುಚ್ಚಿ ಮಗುಚಿ. ನೀರು ನಿಲ್ಲುತ್ತದೆ. ಬೆರಳು ತೆಗೆದರೆ ಗಾಳಿ ಒಳಹೊಕ್ಕು ಕಾರ್ಡು ಕಳಚಿ ಬೀಳುತ್ತದೆ. ಕಾರ್ಡು ಆಗಲೂ ಅಷ್ಟೇ ಒದ್ದೆಯಾಗಿರುತ್ತದೆ.

ಅರ್ಧ ಲೋಟ ಕೈಕೊಡುವುದು ಹೆಚ್ಚಾಗಿ ಅಂಗೈ ಬಿಸಿಯಿಂದ. ಮಗುಚಿದ ಮೇಲೆ ಗಾಳಿ ಇರುವುದು ಲೋಟದ ತಳದ ಕಡೆ, ಅಂದರೆ ಮೇಲೆ. ಅಲ್ಲೇ ಹಿಡಿದರೆ ಗಾಳಿ 2 ಡಿಗ್ರಿ ಬಿಸಿಯಾದರೂ ಕಾಲು ಮಿಲಿಮೀಟರ್‌ಗಿಂತ ಹೆಚ್ಚು ಹಿಗ್ಗಿ ಕಾರ್ಡನ್ನು ತಳ್ಳುತ್ತದೆ. ಹನಿ ಒಂದೊಂದಾಗಿ ತೊಟ್ಟಿಕ್ಕತೊಡಗಿದರೆ ಇದೇ ಕಾರಣವೆಂದು ಮೊದಲು ಅನುಮಾನಿಸಿ, ನೀರಿರುವ ಭಾಗವನ್ನು ಹಿಡಿಯಿರಿ. ಮಗುಚಿದ ಕೂಡಲೇ ಒಮ್ಮೆಲೇ ಬಿದ್ದರೆ ಸೋಪು ಸರಿಯಾಗಿ ತೊಳೆದಿಲ್ಲ, ಇಲ್ಲವೇ ಮಳೆಗಾಲದ ತೇವಕ್ಕೆ ಕಾರ್ಡು ಸೊಟ್ಟಗಾಗಿದೆ.