ಫ್ರೀಜರ್‌ನ ಕೋಳಿ, ಬೇಸಿಗೆಯ ಟ್ಯಾಂಕ್ ನೀರು

ಕೋಲಾರದ ನಮ್ಮ ಮನೆಯಿಂದಲೇ ಭಾನುವಾರದ ಊಟಕ್ಕೆ ಆರ್ಡರ್ ತೆಗೆದುಕೊಳ್ಳುತ್ತೇನೆ. ಮುದ್ದೆ, ಕೋಳಿ ಸಾರು, ಕೇಳಿದರೆ ಮೀನು ಫ್ರೈ. ಭಾನುವಾರ ಬೆಳಿಗ್ಗೆ ಚಿಕನ್ ಅಂಗಡಿ ಮುಂದೆ ನಿಂತರೆ ಅಡುಗೆ ಯಾರು ಮಾಡ್ತಾರೆ? ಅದಕ್ಕೇ ವಾರದ ಮಧ್ಯೆ ತಂದು ಫ್ರೀಜರ್‌ಗೆ ಹಾಕಿಬಿಡುತ್ತೇನೆ. ಹಾಕುವಾಗಲೇ ಅರ್ಧರ್ಧ ಕೆಜಿ ಮಾಡಿ, ಕವರ್ ಒಳಗೆ ತುಂಡುಗಳನ್ನು ಒಂದೇ ಪದರವಾಗಿ ಹರಡುತ್ತೇನೆ. ಉಂಡೆಯಾಗಿ ಗಟ್ಟಿಯಾದ ಕೋಳಿಯ ಹೊರಗಿನ ಐಸ್ ಬಿಟ್ಟರೂ ನಡುಭಾಗ ಕಲ್ಲಿನ ಹಾಗೇ ಇರುತ್ತದೆ.

ಐಸ್ ಬಿಡಿಸಲು ನಿಶ್ಚಿಂತೆಯ ದಾರಿ ಫ್ರಿಜ್ಜೇ. ಶನಿವಾರ ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ ಇಟ್ಟರೆ ಭಾನುವಾರ ಬೆಳಿಗ್ಗೆಗೆ ತುಂಡುಗಳು ಬಿಡಿಬಿಡಿಯಾಗಿರುತ್ತವೆ. ಕವರ್ ಕೆಳಗೆ ಒಂದು ಆಳದ ತಟ್ಟೆ ಬೇಕೇ ಬೇಕು. ಸೋರುವ ರಕ್ತದ ನೀರು ಸೊಪ್ಪು, ಮೊಸರಿಗೆ ಬೀಳಬಾರದು. ಹೀಗೆ ಐಸ್ ಬಿಟ್ಟ ಕೋಳಿ ಫ್ರಿಜ್‌ನಲ್ಲೇ ಇನ್ನೂ ಒಂದೆರಡು ದಿನ ತಡೆಯುತ್ತದೆ, ಆರ್ಡರ್ ಕ್ಯಾನ್ಸಲ್ ಆದರೂ ಚಿಂತೆಯಿಲ್ಲ.

ತೊಂದರೆ ಬರುವುದು ಭಾನುವಾರ ಬೆಳಿಗ್ಗೆ ಫೋನ್ ಮಾಡುವವರಿಂದ. ಆಗ ನಮ್ಮ ಅತ್ತೆ, "ಬಿಸಿನೀರಿಗೆ ಹಾಕಮ್ಮ, ಇಲ್ಲಾಂದ್ರೆ ಕಟ್ಟೆ ಮೇಲೆ ಇಡು, ತಾನೇ ಬಿಡುತ್ತೆ" ಅನ್ನುತ್ತಾರೆ. ಎರಡೂ ಬೇಡ. ಒಳಗೆ ಐಸ್ ಇರುವಾಗಲೇ ಹೊರಗಿನ ಮಾಂಸ ಬೆಚ್ಚಗಾಗಿ ಗಂಟೆಗಟ್ಟಲೆ ಹಾಗೇ ಇರುತ್ತದೆ. 5 ಡಿಗ್ರಿಯಿಂದ 60 ಡಿಗ್ರಿ ಒಳಗೆ ಬ್ಯಾಕ್ಟೀರಿಯಾ ಜೋರಾಗಿ ಬೆಳೆಯುತ್ತವೆ. "ಹೇಗೂ ಕುದಿಸ್ತೀವಲ್ಲ" ಅಂದುಕೊಂಡರೆ, ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಅವಸರಕ್ಕೆ ತಣ್ಣೀರೇ ಸರಿ. ಕವರ್ ಬಾಯಿ ಬಿಗಿಯಾಗಿ ಕಟ್ಟಿ ಪೂರ್ತಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿದರೆ ಅರ್ಧ ಕೆಜಿ ಸುಮಾರು ಒಂದು ಗಂಟೆಯಲ್ಲಿ ಬಿಡುತ್ತದೆ. ಗಾಳಿಗಿಂತ ನೀರು ಬೇಗ ಐಸ್ ಬಿಡಿಸುತ್ತದೆ. ಆದರೆ ಏಪ್ರಿಲ್‌ನಲ್ಲಿ ನಮ್ಮ ಮಹಡಿ ಮೇಲಿನ ಟ್ಯಾಂಕ್ ನೀರು ಮಧ್ಯಾಹ್ನ ಸ್ನಾನಕ್ಕೆ ಆಗುವಷ್ಟು ಕಾದಿರುತ್ತದೆ! ನಲ್ಲಿಯಿಂದ ಬಂತು ಅಂತ ಅದು ತಣ್ಣೀರಾಗುವುದಿಲ್ಲ. ಬೇಸಿಗೆಯಲ್ಲಿ ನಾನು ಬಕೆಟ್‌ಗೆ ಒಂದು ಟ್ರೇ ಐಸ್ ಹಾಕುತ್ತೇನೆ. ಹೀಗೆ ನೀರಿನಲ್ಲಿ ಬಿಡಿಸಿದ ಕೋಳಿಯನ್ನು ಆಗಲೇ ಒಲೆಗೆ ಹಾಕಬೇಕು, ಎತ್ತಿಡಬಾರದು.

ಇನ್ನು ಬೇಯುವ ಹೊತ್ತು. ಫ್ರಿಜ್‌ನಲ್ಲಿ ಐಸ್ ಬಿಟ್ಟ ಬ್ರಾಯ್ಲರ್ ಕೋಳಿ ತಪ್ಪಲೆಯಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ಬೇಯುತ್ತದೆ, ತಾಜಾ ಕೋಳಿಯ ಹಾಗೇ. ಬಿಡಿ ತುಂಡುಗಳನ್ನು ಐಸ್ ಸಮೇತ ಹಾಕಿದರೆ ಒಂದೂವರೆ ಪಟ್ಟು, ಅಂದರೆ ಮುಕ್ಕಾಲು ಗಂಟೆ ಬೇಕು. ಅದಕ್ಕಿಂತ ಮುಖ್ಯವಾಗಿ ಅಡುಗೆಯ ಕ್ರಮವೇ ಬದಲಾಗುತ್ತದೆ. ಐಸ್ ನೀರು ಬಿಟ್ಟು ಬಾಣಲೆ ತಣ್ಣಗಾಗುತ್ತದೆ, ಮಸಾಲೆ ಹುರಿಯುವ ಬದಲು ಕುದಿಯುತ್ತದೆ, ಎಣ್ಣೆ ಬಿಡುವುದೇ ಇಲ್ಲ. ಹಾಗಾಗಿ ಮಸಾಲೆಯನ್ನು ಮೊದಲೇ ಪೂರ್ತಿ ಹುರಿದುಕೊಂಡು, ಕೋಳಿ ಆಮೇಲೆ ಹಾಕಿ, ನೀರು ಕಡಿಮೆ ಹಾಕುತ್ತೇನೆ.

ಉಂಡೆ ಕಟ್ಟಿದ ಕೋಳಿಯನ್ನು ಮಾತ್ರ ಕುಕ್ಕರ್‌ಗೆ ಹಾಕಲ್ಲ. ವಿಷಲ್ ಬರುವುದು ಸುತ್ತಲಿನ ನೀರು ಕುದಿದಾಗ. ಒಳಗಿನ ತುಂಡಿನ ಕಥೆ ಅದಕ್ಕೇನು ಗೊತ್ತು? ಮೂಳೆ ಪಕ್ಕದ ಬಣ್ಣ ನೋಡಿಯೂ ಹೇಳಲು ಆಗಲ್ಲ. ಫ್ರೀಜ್ ಮಾಡಿದ ಎಳೆ ಕೋಳಿಯ ಮೂಳೆಯಿಂದ ಬಣ್ಣ ಸೋರಿ, ಚೆನ್ನಾಗಿ ಬೆಂದರೂ ಪಕ್ಕದ ಮಾಂಸ ಕಪ್ಪುಗೆಂಪಾಗಿ ಕಾಣುತ್ತದೆ. ಸಂಶಯ ಬಂದರೆ ದಪ್ಪ ತುಂಡಿಗೆ ಥರ್ಮಾಮೀಟರ್ ಚುಚ್ಚುತ್ತೇನೆ. 74 ಡಿಗ್ರಿ ಬಂದರೆ ಆಯಿತು.

ಮೀನಿನ ವಿಷಯ ಬೇರೆ. ಸಾರಿಗಾದರೆ ಅರೆಬರೆ ಐಸ್ ಇದ್ದರೂ ನಡೆಯುತ್ತದೆ, ಕುದಿ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು. ಫ್ರೈಗೆ ಮಾತ್ರ ಪೂರ್ತಿ ಬಿಡಿಸಿ ಬಟ್ಟೆಯಿಂದ ಒತ್ತಿ ಒರೆಸುತ್ತೇನೆ. ಹಸಿ ಇದ್ದರೆ ಮಸಾಲೆ ಜಾರುತ್ತದೆ, ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕೆಟ್ ಮೀನಾದರೆ ಮೊದಲು ಕವರ್ ಕತ್ತರಿಸಿ, ಆಮೇಲೆ ಫ್ರಿಜ್‌ನಲ್ಲಿ ಬಿಡಿಸಬೇಕು. ಗಾಳಿಯಿಲ್ಲದ ಕಡೆ ಮಾತ್ರ ಬೆಳೆಯುವ ವಿಷದ ಬ್ಯಾಕ್ಟೀರಿಯಾ ಒಂದಿದೆ, ಅದನ್ನು ಫ್ರಿಜ್‌ನ ತಂಪು ಪೂರ್ತಿ ತಡೆಯಲ್ಲ.

ತರಕಾರಿಗೆ ಇಷ್ಟೆಲ್ಲ ಬೇಕಿಲ್ಲ. ಅವರೆ ಕಾಲದಲ್ಲಿ ಹಿತುಕಿ ಫ್ರೀಜ್ ಮಾಡಿದ ಬೇಳೆಯ ಐಸ್ ನಾನು ಬಿಡಿಸುವುದೇ ಇಲ್ಲ. ಬಿಡಿಸಿದರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಕುದಿಯುವ ಸಾರಿಗೆ ಹಿಡಿಹಿಡಿಯಾಗಿ, ಕುದಿ ನಿಲ್ಲದ ಹಾಗೆ ಹಾಕುತ್ತೇನೆ. ಫ್ರೀಜರ್‌ನಲ್ಲಿದ್ದ ಬೇಳೆ ತಾಜಾ ಬೇಳೆಗಿಂತ ಬೇಗ ಮೆತ್ತಗಾಗುತ್ತದೆ, ಅದಕ್ಕೆ ಉಪ್ಪು ಖಾರ ಎಲ್ಲ ಸರಿ ಮಾಡಿಕೊಂಡ ಮೇಲೇ ಅದರ ಸರದಿ.