ಕೆಲಸ ಹುಡುಕ್ತಿದ್ದೇನೆ ಅಂತ ಪ್ರೊಫೈಲ್‌ನಲ್ಲಿ ಬರೆದದ್ದು ಹೀಗೆ

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ಹೈಡ್ರಾಲಿಕ್ ವಾಲ್ವ್ ಬಾಡಿಗಳ ಇನ್‌ಸ್ಪೆಕ್ಷನ್ ನನ್ನ ಕೆಲಸ. ನಮ್ಮ ಲೈನ್ ಬೇರೆ ಊರಿನ ಪ್ಲಾಂಟ್‌ಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ರಾಜೀನಾಮೆ ಕೊಟ್ಟೆ. ನೋಟಿಸ್ ಪಿರಿಯಡ್ ಶುರುವಾಯಿತು. ಲಿಂಕ್ಡ್‌ಇನ್‌ನ About ಭಾಗದಲ್ಲಿ ಕೆಲಸ ಹುಡುಕುತ್ತಿರುವ ವಿಷಯ ಬರೆಯಬೇಕಿತ್ತು.

Open to Work ಆನ್ ಮಾಡಿದರೆ ಸಾಕಲ್ವಾ ಅಂತ ಕೆಲವರು ಕೇಳಿದರು. ಅದರಲ್ಲಿ ಎರಡು ಆಯ್ಕೆ ಇವೆ. All LinkedIn members ಇಟ್ಟರೆ ಫೋಟೋ ಸುತ್ತ ಹಸಿರು ಪಟ್ಟಿ ಬಂದು ಎಲ್ಲರಿಗೂ ಕಾಣುತ್ತದೆ. Recruiters only ಇಟ್ಟರೆ ಲಿಂಕ್ಡ್‌ಇನ್‌ನ ರಿಕ್ರೂಟರ್ ಸೇವೆಗೆ ದುಡ್ಡು ಕೊಟ್ಟ ಕಂಪನಿಗಳವರಿಗೆ ಮಾತ್ರ ಗೊತ್ತಾಗುತ್ತದೆ. ಉದ್ಯಮಬಾಗದ ಸಣ್ಣ ಶಾಪ್‌ಗಳ ಮಾಲೀಕರು, ಪ್ಲಾಂಟ್ ಮ್ಯಾನೇಜರ್‌ಗಳು ಸಾಮಾನ್ಯವಾಗಿ ಬಳಸುವುದು ಮಾಮೂಲಿ ಅಕೌಂಟ್. ಅಲ್ಲಿಂದ ನೋಡುವವರಿಗೆ ಈ ಎರಡನೇ ಆಯ್ಕೆಯಿಂದ ಏನೂ ತಿಳಿಯುವುದಿಲ್ಲ. ಹಸಿರು ಪಟ್ಟಿಯೂ ಒಂದೇ ನೋಟಕ್ಕೆ ಏನು ಕೆಲಸ, ಎಲ್ಲಿ, ಯಾವಾಗಿನಿಂದ ಅಂತ ಹೇಳುವುದಿಲ್ಲ. ಅದನ್ನು ಹೇಳೋಕೆ About ಭಾಗದ ಮಾತೇ ಬೇಕು.

ಬರೆಯುವ ಮೊದಲು ಬೇರೆಯವರ ಪ್ರೊಫೈಲ್‌ಗಳನ್ನು ಕೂತು ಓದಿದೆ. ಹೆಚ್ಚಿನವು ಎರಡೇ ಥರ. ಒಂದು: ‘ಹೊಸ ಮತ್ತು ಸವಾಲಿನ ಅವಕಾಶಗಳಿಗೆ ಮುಕ್ತನಾಗಿದ್ದೇನೆ.’ ಇನ್ನೊಂದು: ‘ಕೆಲಸದ ತುರ್ತು ಅಗತ್ಯವಿದೆ, ಯಾವ ಹುದ್ದೆಯಾದರೂ ಸರಿ, ಯಾವ ಊರಾದರೂ ಸರಿ, ದಯವಿಟ್ಟು ಸಹಾಯ ಮಾಡಿ.’ ಮೊದಲನೆಯದು ಅಸ್ಪಷ್ಟ, ಎರಡನೆಯದು ಗೋಗರೆತ. ಆದರೆ ನನಗೆ ಕಂಡಂತೆ ಎರಡರಲ್ಲೂ ಕೊರತೆ ಒಂದೇ. ಈ ಮನುಷ್ಯನನ್ನು ಎಲ್ಲಿ ಕೂರಿಸಬೇಕು ಅನ್ನೋ ಯೋಚನೆಯನ್ನು ಓದುವವರ ತಲೆಗೇ ಕಟ್ಟಿದ್ದಾರೆ. ಎಚ್‌ಆರ್‌ಗೆ ಅಷ್ಟು ಪುರುಸೊತ್ತು ಇರಲ್ಲ.

ನಮ್ಮ ಓಣಿಯ ಅಕ್ಕ ಒಬ್ಬರು ಒಂದು ಫೌಂಡ್ರಿಯಲ್ಲಿ ಎಚ್‌ಆರ್. ಅವರ ಮುಂದೆ ಈ ಎರಡೂ ಮಾದರಿ ಇಟ್ಟೆ. ಓದಿ ಹೇಳಿದರು: “ತಮ್ಮಾ, ನಾ ಫೋನ್ ಮಾಡಿದ್ರ ಮೊದಲ ಕೇಳೋದು ನಾಕ ಮಾತು. ಏನ್ ಕೆಲಸ ಮಾಡ್ತಿ, ಎಲ್ಲಿ ಬರ್ತಿ, ಯಾವಾಗ ಬರ್ತಿ, ಯಾಕ ಬಿಟ್ಟಿ. ಇದರಾಗ ಒಂದಕ್ಕಾದ್ರೂ ಉತ್ತರ ಐತೇನು?”

ಆ ನಾಲ್ಕು ಪ್ರಶ್ನೆಗಳನ್ನೇ ಇಟ್ಟುಕೊಂಡು ಬರೆದೆ. ಅದರಲ್ಲಿ ಬರುವ CMM ಅಂದರೆ ಪಾರ್ಟ್‌ಗಳ ಅಳತೆ ತೆಗೆಯುವ ಯಂತ್ರ, PC-DMIS ಅದನ್ನು ನಡೆಸುವ ಸಾಫ್ಟ್‌ವೇರ್, PPAP ಅಂದರೆ ಹೊಸ ಪಾರ್ಟ್‌ಗೆ ಗ್ರಾಹಕರ ಒಪ್ಪಿಗೆ ಪಡೆಯಲು ಕೊಡುವ ದಾಖಲೆಗಳು. ಪ್ರೊಫೈಲ್‌ನಲ್ಲಿ ಇಂಗ್ಲಿಷ್‌ನಲ್ಲಿತ್ತು, ಕನ್ನಡದಲ್ಲಿ ಹೇಳಿದರೆ ಹೀಗೆ:

‘ಏಳು ವರ್ಷಗಳಿಂದ ಬೆಳಗಾವಿಯಲ್ಲಿ ಹೈಡ್ರಾಲಿಕ್ ವಾಲ್ವ್ ಬಾಡಿಗಳ ಇನ್‌ಸ್ಪೆಕ್ಷನ್ ಮಾಡುತ್ತಿದ್ದೇನೆ. CMM ಮೇಲೆ PC-DMIS ಪ್ರೋಗ್ರಾಂ ಬರೆಯುತ್ತೇನೆ, ಹೊಸ ಪಾರ್ಟ್‌ಗಳಿಗೆ PPAP ಫೈಲ್ ತಯಾರಿಸುತ್ತೇನೆ. ಒಂದು ಬಾಡಿಯಲ್ಲಿ ಬೋರ್ ಪೊಸಿಷನ್ ತಪ್ಪಿ ಪದೇ ಪದೇ ರಿಜೆಕ್ಷನ್ ಬರುತ್ತಿತ್ತು. ಫಿಕ್ಸ್ಚರ್‌ನ ಲೊಕೇಟಿಂಗ್ ಪಿನ್ ಸವೆದದ್ದೇ ಕಾರಣ ಎಂದು ಹಿಡಿದು, ಪಿನ್ ಬದಲಿಸುವ ಅವಧಿಯನ್ನು ಚೆಕ್‌ಶೀಟ್‌ಗೆ ಸೇರಿಸಿದೆ.

ನಮ್ಮ ಲೈನ್ ಬೇರೆ ಪ್ಲಾಂಟ್‌ಗೆ ಹೋಗುತ್ತಿರುವುದರಿಂದ ಈಗ ಕೆಲಸ ಹುಡುಕುತ್ತಿದ್ದೇನೆ. ಬೆಳಗಾವಿ, ಹುಬ್ಬಳ್ಳಿ ಅಥವಾ ಕೊಲ್ಹಾಪುರದಲ್ಲಿ ಕ್ವಾಲಿಟಿ ಇಂಜಿನಿಯರ್ ಅಥವಾ CMM ಪ್ರೋಗ್ರಾಮರ್ ಹುದ್ದೆ. ಸೆಪ್ಟೆಂಬರ್ 16ರಿಂದ ಸೇರಬಲ್ಲೆ. ಇಲ್ಲಿಯೇ ಮೆಸೇಜ್ ಮಾಡಿ.’

ಇಷ್ಟೇ. About ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಲು ಜಾಗ ಇದೆ. ತುಂಬಲೇಬೇಕು ಅಂತೇನಿಲ್ಲ.

ಕೆಲಸದ ಮಾತು ಮೊದಲು, ಹುಡುಕಾಟದ ಮಾತು ಆಮೇಲೆ ಇಟ್ಟಿದ್ದಕ್ಕೆ ಕಾರಣ ಇದೆ. ಪ್ರೊಫೈಲ್ ತೆರೆದ ಕೂಡಲೇ About ಭಾಗದ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು see more ಒತ್ತಿದರೆ. ಆ ಮೊದಲ ಸಾಲುಗಳಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಅಂತಿದ್ದರೆ ಓದುವವರಿಗೆ ನಮ್ಮ ಅಗತ್ಯ ಗೊತ್ತಾಗುತ್ತದೆ, ನಾವು ಯಾರು ಅಂತ ಗೊತ್ತಾಗಲ್ಲ. CMM, PPAP ಅಂತ ಕಂಡರೆ, ಅದೇ ಬೇಕಾದವರು ಮುಂದೆ ಒತ್ತಿ ಓದುತ್ತಾರೆ. ಹೆಸರಿನ ಕೆಳಗಿನ ಹೆಡ್‌ಲೈನ್‌ಗೂ ಇದೇ ಲೆಕ್ಕ. ಸರ್ಚ್‌ನಲ್ಲಿ ಹೆಡ್‌ಲೈನ್‌ನ ಮುಂಭಾಗ ಮಾತ್ರ ಕಂಡು ಬಾಲ ಕತ್ತರಿಸಿ ಹೋಗುವುದುಂಟು. ಅದಕ್ಕೇ ಅಲ್ಲಿ ಹುದ್ದೆಯ ಹೆಸರೇ ಮೊದಲು ಬರುವಂತೆ ಇಟ್ಟೆ.

‘ತಕ್ಷಣ ಸೇರಬಲ್ಲೆ’ ಅಂತ ಬರೆಯದೆ ತಾರೀಖು ಹಾಕಿದ್ದು ಅಕ್ಕನಿಗೆ ಜಾಸ್ತಿ ಹಿಡಿಸಿತು. ನೋಟಿಸ್‌ನಲ್ಲಿ ಇದ್ದವರು, ಮನೆಯಲ್ಲಿ ಕೂತವರು ಎಲ್ಲರೂ ತಕ್ಷಣ ಅಂತಲೇ ಬರೆಯುತ್ತಾರೆ. ಫೋನ್ ಮಾಡಿದ ಮೇಲೆ ಇನ್ನೂ ಒಂದು ತಿಂಗಳು ಬೇಕು ಅಂತಾರೆ. ತಾರೀಖು ನೋಡಿದರೆ ಎಚ್‌ಆರ್ ತನ್ನ ಖಾಲಿ ಜಾಗಕ್ಕೆ ಹೊಂದುತ್ತದಾ ಇಲ್ವಾ ಅಂತ ಅಲ್ಲೇ ತೀರ್ಮಾನ ಮಾಡಬಹುದು. ಒಂದು ತೊಂದರೆ ಮಾತ್ರ ಇದೆ: ತಾರೀಖು ದಾಟಿದರೆ ಆ ಸಾಲು ಹಳಸುತ್ತದೆ. ಅಕ್ಟೋಬರ್‌ನಲ್ಲಿ ‘ಸೆಪ್ಟೆಂಬರ್ 16ರಿಂದ’ ಅಂತ ಇದ್ದರೆ, ಇವರಿಗೆ ಯಾರೂ ಕೆಲಸ ಕೊಟ್ಟಿಲ್ಲ ಅಂತ ಓದಿದಂತಾಗುತ್ತದೆ. ದಾಟಿದ ದಿನವೇ ‘ಒಂದು ವಾರದಲ್ಲಿ ಸೇರಬಲ್ಲೆ’ ಅಂತ ಬದಲಿಸುವುದು ಒಳ್ಳೆಯದು.

ಊರುಗಳ ಪಟ್ಟಿಯಲ್ಲಿ ಪುಣೆ ಬಿಟ್ಟಿದ್ದಕ್ಕೆ ಗೆಳೆಯರು ಬೈದರು. ಕ್ವಾಲಿಟಿ ಕೆಲಸ ಅಲ್ಲೇ ಜಾಸ್ತಿ ಅನ್ನೋದು ಅವರ ಮಾತು. ಆದರೆ ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳಬೇಕಿತ್ತು, ಪುಣೆಗೆ ನಾನು ಹೋಗುತ್ತಿರಲಿಲ್ಲ. ಹೋಗದ ಊರನ್ನು ಸುಮ್ನೆ ಬರೆದರೆ ಇಂಟರ್‌ವ್ಯೂ ಆದ ಮೇಲೆ ಒಲ್ಲೆ ಅನ್ನಬೇಕಾಗುತ್ತದೆ, ಇಬ್ಬರಿಗೂ ಹೊತ್ತು ದಂಡ. ತಾಯಿಯ ವಿಷಯವನ್ನು ಮಾತ್ರ ಪ್ರೊಫೈಲ್‌ನಲ್ಲಿ ಬರೆಯಲಿಲ್ಲ. ಊರಿನ ಹೆಸರು ಇದ್ದರೆ ಸಾಕು. ಕಾರಣ ಬೇಕಾದವರು ಫೋನಲ್ಲಿ ಕೇಳುತ್ತಾರೆ. ಮನೆ ಕಷ್ಟ, ಇಎಂಐ, ಕೆಲಸವಿಲ್ಲದೆ ಕಳೆದ ತಿಂಗಳುಗಳು ಇವೆಲ್ಲ ಈ ಭಾಗಕ್ಕೆ ಬಂದರೆ ಓದುವವರು ಅಯ್ಯೋ ಅಂತಾರೆ, ಕೆಲಸ ಕೊಡುವ ಯೋಚನೆ ಹಿಂದೆ ಬೀಳುತ್ತದೆ.

‘ಯಾಕ ಬಿಟ್ಟಿ’ ಅನ್ನುವುದಕ್ಕೆ ಅರ್ಧ ಸಾಲು ಮಾತ್ರ ಕೊಟ್ಟೆ. ಲೈನ್ ಹೋಗುತ್ತಿದೆ, ಅಷ್ಟೇ. ಹಳೇ ಕಂಪನಿಯ ಮೇಲೆ ಒಂದು ಮಾತೂ ಇಲ್ಲ. ಫೋನ್ ನಂಬರ್ ಕೂಡ ಹಾಕಲಿಲ್ಲ. ಕೆಲಸ ಕೊಡಿಸ್ತೀವಿ, ಮೊದಲು ರಿಜಿಸ್ಟ್ರೇಶನ್ ಫೀ ಕಟ್ಟಿ ಅನ್ನುವ ಮೋಸಗಾರರು ಕೆಲಸ ಹುಡುಕುವವರ ನಂಬರ್‌ಗಳನ್ನೇ ಹುಡುಕುತ್ತಿರುತ್ತಾರೆ.

ಇದೆಲ್ಲ ನಾನು ಆಗಲೇ ರಾಜೀನಾಮೆ ಕೊಟ್ಟಿದ್ದರಿಂದ ನಡೆಯಿತು. ಮಾಲೀಕರಿಗೆ ತಿಳಿಸದೆ ಹುಡುಕುವವರು About ಭಾಗದಲ್ಲಿ ಈ ಎರಡನೇ ಪ್ಯಾರಾ ಬರೆಯಲೇಬಾರದು. ಅದು ಯಾರಿಗಾದರೂ ಕಾಣುತ್ತದೆ, ಉದ್ಯಮಬಾಗದಲ್ಲಿ ಸುದ್ದಿ ಮುಟ್ಟೋಕೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಅಂಥವರು ಮೊದಲ ಪ್ಯಾರಾ ಗಟ್ಟಿ ಮಾಡಿಕೊಂಡು Recruiters only ಇಟ್ಟುಕೊಳ್ಳುವುದು ಮೇಲು. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಗುಟ್ಟಾಗಿ ಇರುತ್ತದೆ ಅಂತ ಅವರೂ ಭರವಸೆ ಕೊಡುವುದಿಲ್ಲ.

ಬರೆದದ್ದು ಸರಿಯಾಗಿದೆ ಅಂತ ತಿಳಿದದ್ದು, ಮೆಸೇಜ್ ಮಾಡಿದವರಿಗೆ ನಂಬರ್ ಕೊಟ್ಟ ಮೇಲೆ ಬರುವ ಫೋನ್‌ಗಳ ಮೊದಲ ಪ್ರಶ್ನೆಯಿಂದ. ‘ಸೇಲ್ಸ್ ಮಾಡ್ತೀರಾ, ಬೆಂಗಳೂರಿಗೆ ಬರ್ತೀರಾ’ ಅಂತ ಕೇಳಿದರೆ ಸಾಲುಗಳಲ್ಲಿ ಇನ್ನೂ ಎಲ್ಲೋ ಸಡಿಲ ಇದೆ ಅಂತ ಅರ್ಥ. ನನಗೆ ಬಂದ ಕರೆಯಲ್ಲಿ ಅವರು ಕೇಳಿದ್ದು ಆ ಸವೆದ ಪಿನ್‌ನ ಬಗ್ಗೆ: ಪಿನ್ ಸವೆದಿದೆ ಅಂತ ಹೇಗೆ ಗೊತ್ತಾಯಿತು, ಎಷ್ಟು ಪೀಸ್‌ಗೆ ಒಮ್ಮೆ ಬದಲಿಸಿದಿರಿ ಅಂತ. ಅಲ್ಲಿಗೆ ಮಾತು ಕೆಲಸದ ಮೇಲೆ ಬಂದಿತ್ತು.

ಹೊಸ ಕಡೆ ಸೇರುವ ದಿನ ಎರಡನೇ ಪ್ಯಾರಾ ಅಳಿಸಿ, Open to Work ಕೂಡ ಆಫ್ ಮಾಡಿದೆ. ಅದನ್ನು ಹಾಗೇ ಬಿಟ್ಟರೆ ಹೊಸ ಮ್ಯಾನೇಜರ್ ನೋಡಿದಾಗ ಇವನು ಇನ್ನೂ ಹುಡುಕ್ತಿದ್ದಾನೆ ಅಂದುಕೊಳ್ಳುತ್ತಾರೆ. ಮೊದಲ ಪ್ಯಾರಾವನ್ನು ಮುಟ್ಟಲಿಲ್ಲ, ಅದು ಈಗಲೂ ಅಲ್ಲೇ ಇದೆ.